ಎಐ ಕೊಟ್ಟ ಉಲ್ಲೇಖ ನಿಜವಾಗಿ ದಾಖಲೆಯಲ್ಲಿದ್ದ ಮಾತೇನಾ? ಕೇಳುವ ಮತ್ತು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಎಐ ಚಾಟ್‌ಗೆ ಒಂದು ಉದ್ದನೆಯ ದಾಖಲೆ ಪೇಸ್ಟ್ ಮಾಡಿರುತ್ತೀರಿ. ಅದರ ಬಗ್ಗೆ ಅದೂ ಇದೂ ಕೇಳಿ, ಕೊನೆಗೆ "ಮುಂಗಡ ಹಣದ ಬಗ್ಗೆ ಇದರಲ್ಲಿ ಏನಿದೆ, ಇದ್ದ ಹಾಗೇ ಬರೆ" ಅಂತೀರಿ. ಉದ್ಧರಣ ಚಿಹ್ನೆ ಹಾಕಿಕೊಂಡು ನೀಟಾಗಿ ಒಂದು ಪ್ಯಾರಾ ಬರುತ್ತದೆ. ಅದು ದಾಖಲೆಯ ಮಾತೇ ಇರಬಹುದು. ಅಥವಾ ಮುಕ್ಕಾಲು ಪಾಲು ದಾಖಲೆಯದ್ದು, ಉಳಿದದ್ದು ಎಐ ಮಾಡೆಲ್‌ನ ಸ್ವಂತದ್ದು ಇರಬಹುದು. ಕಣ್ಣಿಗೆ ಎರಡೂ ಒಂದೇ ತರ ಕಾಣುತ್ತವೆ, ಕಷ್ಟ ಇರೋದೇ ಅಲ್ಲಿ.

ಒಂದು ಬಾಡಿಗೆ ಕರಾರನ್ನೇ ಇಟ್ಟುಕೊಂಡು ನೋಡೋಣ. ಕೆಳಗಿನ ಷರತ್ತು ಉದಾಹರಣೆಗೆಂದು ಬರೆದದ್ದು, ಆದರೆ ಬೆಂಗಳೂರಲ್ಲಿ 11 ತಿಂಗಳ ಕರಾರಿಗೆ ಸಹಿ ಹಾಕಿದವರಿಗೆಲ್ಲ ಈ ಧಾಟಿ ಗೊತ್ತಿರುತ್ತದೆ. ಬೆರಳಚ್ಚಿನ ತಪ್ಪನ್ನೂ ಬೇಕಂತಲೇ ಬಿಟ್ಟಿದ್ದೇನೆ.

```
೯) ಬಾಡಿಗೆದಾರರು ಮನೆ ಖಾಲಿ ಮಾಡಲಿಚ್ಛಿಸಿದಲ್ಲಿ ಎರಡು ತಿಂಗಳು
ಮುಂಚಿತವಾಗಿ ಲಿಖಿತ ನೋಟೀಸು ನೀಡತಕ್ಕದ್ದು. ಸದರಿ ಮನೆಯ
ಸ್ವಾದೀನವನ್ನು ಮಾಲೀಕರಿಗೆ ಬಿಟ್ಟುಕೊಟ್ಟ ನಂತರ, ಬಾಕಿ ಬಾಡಿಗೆ,
ವಿದ್ಯುತ್ ಬಿಲ್ಲು ಹಾಗೂ ಒಂದು ತಿಂಗಳ ಬಾಡಿಗೆಗೆ ಮೀರದಂತೆ
ಪೇಂಟಿಂಗ್ ಖರ್ಚನ್ನು ಮುಂಗಡ ಹಣದಲ್ಲಿ ಮುರಿದುಕೊಂಡು, ಉಳಿದ
ಹಣವನ್ನು ೧೫ ದಿನಗಳೊಳಗೆ ಹಿಂದಿರುಗಿಸತಕ್ಕದ್ದು.
```

ಇದನ್ನು "ಇದ್ದ ಹಾಗೇ" ಕೇಳಿದಾಗ ಬರಬಹುದಾದ ಒಂದು "ಉಲ್ಲೇಖ" ಹೀಗಿರುತ್ತದೆ:

```
9. ಬಾಡಿಗೆದಾರರು ಮನೆ ಖಾಲಿ ಮಾಡಲು ಇಚ್ಛಿಸಿದಲ್ಲಿ ಎರಡು ತಿಂಗಳು
ಮುಂಚಿತವಾಗಿ ಲಿಖಿತ ನೋಟಿಸ್ ನೀಡತಕ್ಕದ್ದು. ಸದರಿ ಮನೆಯ
ಸ್ವಾಧೀನವನ್ನು ಮಾಲೀಕರಿಗೆ ಬಿಟ್ಟುಕೊಟ್ಟ ನಂತರ, ಬಾಕಿ ಬಾಡಿಗೆ,
ವಿದ್ಯುತ್ ಬಿಲ್ ಹಾಗೂ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್
ಖರ್ಚಿಗಾಗಿ ಮುಂಗಡ ಹಣದಲ್ಲಿ ಮುರಿದುಕೊಂಡು, ಉಳಿದ ಹಣವನ್ನು
15 ದಿನಗಳೊಳಗೆ ಹಿಂದಿರುಗಿಸತಕ್ಕದ್ದು.
```

ಸುಮ್ನೆ ಒಂದು ಸಲ ಕಣ್ಣಾಡಿಸಿದರೆ ಎರಡೂ ಒಂದೇ. ಸಂಧಿ ಬಿಡಿಸಿದೆ, ನೋಟೀಸು ನೋಟಿಸ್ ಆಗಿದೆ, ಬಿಲ್ಲು ಬಿಲ್ ಆಗಿದೆ, "ಸ್ವಾದೀನ" ತಿದ್ದಿಕೊಂಡು "ಸ್ವಾಧೀನ" ಆಗಿದೆ. ಇವುಗಳಿಂದ ಯಾರಿಗೂ ನಷ್ಟ ಇಲ್ಲ. ಆದರೆ "ಮೀರದಂತೆ" ಮಾಯವಾಗಿದೆ, ನೋಡಿದಿರಾ? ಬಾಡಿಗೆ 20,000 ರೂಪಾಯಿ, ಬಣ್ಣ ಹೊಡೆಸಲು ನಿಜಕ್ಕೂ ಆದ ಖರ್ಚು 12,000 ಅಂದುಕೊಳ್ಳಿ. ಮೂಲ ಕರಾರಿನ ಪ್ರಕಾರ ಮಾಲೀಕರು ಮುರಿದುಕೊಳ್ಳಬಹುದಾದ್ದು 12,000. ಎರಡನೆಯದರ ಪ್ರಕಾರ ಪೂರ್ತಿ 20,000. ಎಂಟು ಸಾವಿರ ಒಂದು ಪದದ ಜೊತೆ ಹೋಯಿತು.

ಯಾಕೆ ಹೀಗಾಗುತ್ತದೆ

ಮಾಡೆಲ್ ನಕಲು ಮಾಡುವುದು ನಾವು ಕಾಪಿ-ಪೇಸ್ಟ್ ಮಾಡಿದ ಹಾಗಲ್ಲ. ಅದು ಪಠ್ಯವನ್ನು ಟೋಕನ್ ಅನ್ನುವ ಸಣ್ಣ ಚೂರುಗಳಾಗಿ ನೋಡುತ್ತದೆ, ಉತ್ತರವನ್ನೂ ಒಂದೊಂದೇ ಚೂರಾಗಿ ಆರಿಸಿ ಬರೆಯುತ್ತದೆ. ಮುಂದಿನ ಚೂರು ಯಾವುದು ಅನ್ನುವಲ್ಲಿ ಎರಡು ಎಳೆತ ಇರುತ್ತವೆ. ಒಂದು, ಮೇಲೆ ಪೇಸ್ಟ್ ಆಗಿರುವ ಪಠ್ಯದಲ್ಲಿ ಇಲ್ಲಿ ಏನಿತ್ತು ಅನ್ನೋದು. ಇನ್ನೊಂದು, ಇಂಥ ವಾಕ್ಯ ಸಾಮಾನ್ಯವಾಗಿ ಹೇಗೆ ಮುಂದುವರಿಯುತ್ತದೆ ಅನ್ನೋದು. ಬಹಳಷ್ಟು ಸಲ ಮೊದಲನೆಯದೇ ಗೆಲ್ಲುತ್ತದೆ. ಹಳೇ ಕಾಲದ ಪದ, ಕಾಗುಣಿತದ ತಪ್ಪು, ಅಪರೂಪದ ವಾಕ್ಯರಚನೆ ಬಂದ ಕಡೆ ಎರಡನೆಯದು ಗೆಲ್ಲುವ ಸಾಧ್ಯತೆ ಜಾಸ್ತಿ. ಉಕ್ತಲೇಖನ ಬರೆಯುವ ಬುದ್ಧಿವಂತ ಹುಡುಗ ಮೇಷ್ಟ್ರು ತಪ್ಪು ಹೇಳಿದರೂ ಸರಿಯಾಗಿಯೇ ಬರೆದುಕೊಳ್ಳುತ್ತಾನಲ್ಲ, ಹಾಗೆ.

ಕನ್ನಡಕ್ಕೆ ಇಲ್ಲೊಂದು ಹೆಚ್ಚಿನ ತೊಂದರೆ ಇದೆ. ಅನೇಕ ಮಾಡೆಲ್‌ಗಳು ಇಂಗ್ಲಿಷ್ ಪದವನ್ನು ಒಂದೆರಡು ಟೋಕನ್‌ನಲ್ಲಿ ಮುಗಿಸಿದರೆ, ಕನ್ನಡ ಪದವನ್ನು ಅದಕ್ಕಿಂತ ಹೆಚ್ಚು ಚೂರು ಮಾಡುತ್ತವೆ. ಹಾಗಾಗಿ ಅಷ್ಟೇ ಉದ್ದದ ವಾಕ್ಯವನ್ನು ನಕಲು ಮಾಡುವಾಗ ತಪ್ಪುವ ಅವಕಾಶಗಳೂ ಜಾಸ್ತಿ, ಚಾಟ್‌ನ ನೆನಪಿನ ಜಾಗವೂ ಬೇಗ ತುಂಬುತ್ತದೆ.

ಹಂತ 1: ಪಠ್ಯ ಮಾಡೆಲ್‌ನ ಕಣ್ಣ ಮುಂದೆ ಇನ್ನೂ ಇದೆಯಾ ನೋಡಿ

ಉಲ್ಲೇಖ ಕೇಳುವುದಕ್ಕೆ ಮುಂಚೆ ಮಾಡಬೇಕಾದ ಕೆಲಸ ಇದು, ಬಹುತೇಕರು ಬಿಟ್ಟುಬಿಡುವುದೂ ಇದನ್ನೇ. ಮಾಡೆಲ್ ಒಂದು ಸಲಕ್ಕೆ ನೋಡಬಲ್ಲ ಪಠ್ಯಕ್ಕೆ ಮಿತಿ ಇದೆ, ಅದಕ್ಕೆ ಕಾಂಟೆಕ್ಸ್ಟ್ ವಿಂಡೋ ಅಂತಾರೆ. ಚಾಟ್ ಉದ್ದವಾಗಿ ಮಿತಿ ದಾಟಿದರೆ ಕೆಲವು ಆ್ಯಪ್‌ಗಳು ಹಳೆಯ ಭಾಗವನ್ನು ಬಿಟ್ಟುಬಿಡುತ್ತವೆ, ಕೆಲವು ಅದನ್ನು ಸಾರಾಂಶ ಮಾಡಿ ಇಟ್ಟುಕೊಳ್ಳುತ್ತವೆ. ನಿಮ್ಮ ಸ್ಕ್ರೀನ್ ಮೇಲೆ ಸ್ಕ್ರೋಲ್ ಮಾಡಿದರೆ ಕರಾರು ಪೂರ್ತಿ ಕಾಣುತ್ತಿರುತ್ತದೆ, ಆದರೆ ಮಾಡೆಲ್‌ಗೆ ಕಾಣುತ್ತಿರುವುದು ಅದರ ಸಾರಾಂಶ ಮಾತ್ರ ಇರಬಹುದು. ಸಾರಾಂಶದಿಂದ ಅಕ್ಷರಶಃ ಉಲ್ಲೇಖ ಹುಟ್ಟಲು ಸಾಧ್ಯವೇ ಇಲ್ಲ, ಆದರೂ ಕೇಳಿದರೆ ಬರುತ್ತದೆ.

ಫೈಲ್ ಅಪ್‌ಲೋಡ್ ಮಾಡಿದಾಗಲೂ ಹೀಗೇ. ದೊಡ್ಡ ಫೈಲ್ ಆದರೆ ಹಲವು ಟೂಲ್‌ಗಳು ಅದನ್ನು ತುಂಡು ಮಾಡಿಟ್ಟು, ನಿಮ್ಮ ಪ್ರಶ್ನೆಗೆ ಹತ್ತಿರ ಅನ್ನಿಸಿದ ಕೆಲವೇ ತುಂಡುಗಳನ್ನು ಮಾಡೆಲ್‌ಗೆ ಕೊಡುತ್ತವೆ. ಷರತ್ತು ಎರಡು ತುಂಡುಗಳ ನಡುವೆ ಒಡೆದಿದ್ದರೆ ಅರ್ಧ ವಾಕ್ಯ ಮಾಡೆಲ್‌ಗೆ ಸಿಗುವುದೇ ಇಲ್ಲ. ಉಳಿದರ್ಧವನ್ನು ಅದು ಊಹಿಸಿ ತುಂಬಬಹುದು.

ಪರೀಕ್ಷೆ ಸುಲಭ. ದಾಖಲೆಯ ಮಧ್ಯದಿಂದ ವಿಚಿತ್ರವಾದ, ಊಹಿಸಲಾಗದ ಒಂದು ಸಂಗತಿ ಆರಿಸಿ. ಉದಾಹರಣೆಗೆ ಆಸ್ತಿಯ ಷೆಡ್ಯೂಲ್‌ನಲ್ಲಿ ಬರೆದಿರುವ ಪೂರ್ವದ ಚಕ್ಕುಬಂದಿ. "ಷೆಡ್ಯೂಲ್‌ನಲ್ಲಿ ಪೂರ್ವಕ್ಕೆ ಏನಿದೆ ಅಂತ ಬರೆದಿದೆ?" ಎಂದಷ್ಟೇ ಕೇಳಿ, ಉತ್ತರದ ಸುಳಿವು ಕೊಡಬೇಡಿ. ತಪ್ಪಿದರೆ ಅಥವಾ ಉತ್ತರ ತೇಲಿಸಿದರೆ ಹೊಸ ಚಾಟ್ ತೆರೆದು ಬೇಕಾದ ಪುಟವನ್ನಷ್ಟೇ ಮತ್ತೆ ಪೇಸ್ಟ್ ಮಾಡಿ. ಮಧ್ಯದಿಂದಲೇ ಆರಿಸಿ ಅಂದದ್ದಕ್ಕೆ ಕಾರಣ ಇದೆ: ಉದ್ದ ಪಠ್ಯದ ಆರಂಭ ಮತ್ತು ಕೊನೆಯಲ್ಲಿರುವುದನ್ನು ಮಾಡೆಲ್‌ಗಳು ಚೆನ್ನಾಗಿ ಹಿಡಿಯುತ್ತವೆ, ನಡುವಿನದ್ದನ್ನು ಕಳೆದುಕೊಳ್ಳುವುದು ಜಾಸ್ತಿ ಅಂತ 2023ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಆಮೇಲಿನ ಮಾಡೆಲ್‌ಗಳು ಸುಧಾರಿಸಿವೆ, ಆದರೂ ನಡುವನ್ನು ಪರೀಕ್ಷಿಸುವುದೇ ಕ್ಷೇಮ.

ಹಂತ 2: ಮೂಲದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ

ನೀವು ಪೇಸ್ಟ್ ಮಾಡಿದ್ದನ್ನೇ ಒಂದು ಟೆಕ್ಸ್ಟ್ ಫೈಲ್ ಆಗಿ ಉಳಿಸಿ, `karar.txt` ಅನ್ನೋಣ. ಪ್ರತಿ ಪ್ಯಾರಾ ಮುಂದೆ ಸಂಖ್ಯೆ ಇಲ್ಲದಿದ್ದರೆ ಹಾಕಿ, [1], [2] ಅಂತ ಹಾಕಿದರೂ ಸಾಕು. ಹೆಸರು, ಆಧಾರ್ ಸಂಖ್ಯೆ, ಫೋನ್ ನಂಬರ್ ಇದ್ದರೆ ಪೇಸ್ಟ್ ಮಾಡುವ ಮೊದಲೇ ತೆಗೆದುಬಿಡಿ, ಷರತ್ತು ಓದಲು ಅವು ಬೇಕಿಲ್ಲ.

ಫೈಲ್‌ನಲ್ಲಿ ಇರುವುದು ನಿಜವಾಗಿ ಕನ್ನಡವೇ ಅಂತಲೂ ನೋಡಿ. ತಮಾಷೆ ಅಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಿಡಿಎಫ್‌ನಿಂದ "ಕನ್ನಡ" ಅಂತ ಕಾಪಿ ಮಾಡಿದರೆ ಪೇಸ್ಟ್ ಆಗುವುದು ಹೀಗೆ:

```
PÀ£ÀßqÀ
```

ನೋಟರಿ ಕಚೇರಿಗಳ ಪಕ್ಕದ ಟೈಪಿಂಗ್ ಅಂಗಡಿಗಳಲ್ಲಿ, ಸರ್ಕಾರಿ ಆದೇಶಗಳಲ್ಲಿ ಇಂಥದ್ದು ಈಗಲೂ ಸಿಗುತ್ತದೆ. ಮಾಡೆಲ್ ಇದನ್ನು ಅಷ್ಟಿಷ್ಟು ಗುರುತು ಹಿಡಿದು ಉಳಿದದ್ದನ್ನು ಊಹಿಸುತ್ತದೆ, ಊಹಿಸಿದ್ದನ್ನೇ ಉಲ್ಲೇಖ ಅಂತ ಕೊಡುತ್ತದೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ನಲ್ಲಿ ಮೊದಲು ಪರಿವರ್ತಿಸಿಕೊಳ್ಳಿ. ಸ್ಕ್ಯಾನ್ ಅಥವಾ ಫೋಟೋ ಆದರೆ ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ ಒಸಿಆರ್ ಮಾಡಿ, ನಿಮಗೆ ಬೇಕಾದ ಷರತ್ತನ್ನು ಕಾಗದದ ಜೊತೆ ಕಣ್ಣಾರೆ ಹೋಲಿಸಿ ತಿದ್ದಿಕೊಳ್ಳಿ. ಒಸಿಆರ್‌ನಲ್ಲೇ ತಪ್ಪಿದ್ದರೆ ಮುಂದಿನ ಪರೀಕ್ಷೆಯೆಲ್ಲ ತಪ್ಪು ಪ್ರತಿಯ ಜೊತೆ ನಡೆಯುತ್ತದೆ.

ಹಂತ 3: ಕೇಳುವ ರೀತಿ

"ಮುಂಗಡದ ಬಗ್ಗೆ ಏನು ಹೇಳಿದೆ?" ಅಂದರೆ ಸಾರಾಂಶವೇ ಬರುತ್ತದೆ, ಅದು ಮಾಡೆಲ್‌ನ ತಪ್ಪಲ್ಲ, ನೀವು ಕೇಳಿದ್ದೇ ಅದು. ಹೀಗೆ ಕೇಳಿ:

```
ಮೇಲಿನ ಕರಾರಿನಲ್ಲಿ ಮುಂಗಡ ಹಣ ಹಿಂದಿರುಗಿಸುವ ಬಗ್ಗೆ ಇರುವ
ವಾಕ್ಯಗಳನ್ನು ಹುಡುಕು. ಮೊದಲು ಪ್ಯಾರಾ ಸಂಖ್ಯೆ ಬರೆ, ಅದರ ಕೆಳಗೆ
ಆ ಪ್ಯಾರಾವನ್ನು ಇದ್ದ ಹಾಗೇ ಪೂರ್ತಿ ನಕಲು ಮಾಡು. ಕಾಗುಣಿತ
ತಪ್ಪು, ಅಂಕಿ, ಚಿಹ್ನೆ ಯಾವುದನ್ನೂ ತಿದ್ದಬೇಡ. ನಡುವೆ ಏನನ್ನೂ
ಬಿಡಬೇಡ, ಬೇರೆ ಕಡೆಯ ವಾಕ್ಯ ಸೇರಿಸಬೇಡ. ಅಂಥದ್ದು ಇಲ್ಲದಿದ್ದರೆ
"ಇಲ್ಲ" ಎಂದಷ್ಟೇ ಬರೆ. ವಿವರಣೆ ಈಗ ಬೇಡ.
```

ಇದರಲ್ಲಿ ಪ್ರತಿ ಸಾಲಿಗೂ ಕೆಲಸ ಇದೆ. ಪ್ಯಾರಾ ಸಂಖ್ಯೆ ಕೇಳಿದ್ದು ನೀವು ಹುಡುಕುವ ಜಾಗ ಚಿಕ್ಕದಾಗಲಿ ಅಂತ. ತಿದ್ದಬೇಡ ಅಂತ ಬಿಡಿಸಿ ಹೇಳದಿದ್ದರೆ ಮಾಡೆಲ್ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡ ಹಾಗೆ ತಿದ್ದುತ್ತದೆ. "ಇಲ್ಲ" ಅನ್ನಲು ದಾರಿ ಬಿಟ್ಟಿರುವುದು ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಲೆಕ್ಕ, ಯಾಕೆಂದರೆ "ನೋಟೀಸ್ ಕೊಡದಿದ್ದರೆ ಮುಂಗಡ ವಾಪಸ್ ಇಲ್ಲ ಅಂತಿರುವ ಷರತ್ತನ್ನು ಉಲ್ಲೇಖಿಸು" ಅಂತ ಕೇಳಿದರೆ, ಆ ಷರತ್ತು ಕರಾರಲ್ಲಿ ಇಲ್ಲದಿದ್ದರೂ ಅದೇ ಧಾಟಿಯಲ್ಲಿ, "ತಕ್ಕದ್ದು" ಸಮೇತ, ಒಂದನ್ನು ಕಟ್ಟಿಕೊಡುವ ಅಪಾಯ ಇದೆ. ಪ್ರಶ್ನೆಯಲ್ಲೇ ಉತ್ತರ ತುರುಕಬೇಡಿ.

ವಿವರಣೆಯನ್ನು ಎರಡನೇ ಪ್ರಶ್ನೆಯಾಗಿ ಕೇಳಿ. ಉಲ್ಲೇಖ ಮೊದಲು, ಅರ್ಥ ಆಮೇಲೆ. ಅರ್ಥವನ್ನು ಮೊದಲು ಬರೆಸಿದರೆ, ನಂತರ ಬರುವ ಉಲ್ಲೇಖ ಆ ಅರ್ಥಕ್ಕೆ ಹೊಂದುವ ಕಡೆಗೆ ವಾಲುತ್ತದೆ.

ಇನ್ನೊಂದು ಮಾತು. ದಾಖಲೆ ಇಂಗ್ಲಿಷ್‌ನಲ್ಲಿದ್ದು ನೀವು ಕನ್ನಡದಲ್ಲಿ ಕೇಳಿದರೆ ಉದ್ಧರಣ ಚಿಹ್ನೆಯ ಒಳಗೆ ಬರುವುದು ಅನುವಾದ ಇರಬಹುದು. ಅನುವಾದ ಎಷ್ಟೇ ಚೆನ್ನಾಗಿದ್ದರೂ ಅದು ಮಾಡೆಲ್‌ನ ಮಾತು. "ಮೊದಲು ಇಂಗ್ಲಿಷ್ ಮೂಲ ನಕಲು ಮಾಡು, ಕೆಳಗೆ ಕನ್ನಡದಲ್ಲಿ ಹೇಳು" ಅಂತ ಬಿಡಿಸಿಯೇ ಕೇಳಿ. ಬ್ಯಾಂಕ್ ಸಾಲದ ಕಾಗದ, ಇನ್ಶೂರೆನ್ಸ್ ಪಾಲಿಸಿ ಇಂಥವುಗಳಲ್ಲಿ ಇದು ದಿನಾ ಬೇಕಾಗುತ್ತದೆ.

ಹಂತ 4: ಹುಡುಕಿ ನೋಡಿ

ಮೂಲ ಫೈಲ್ ತೆರೆದು, ಉಲ್ಲೇಖದಿಂದ ಐದಾರು ಪದದ ಒಂದೊಂದೇ ತುಂಡನ್ನು Ctrl+F ಹಾಕಿ ಹುಡುಕಿ. ಪೂರ್ತಿ ಪ್ಯಾರಾ ಒಮ್ಮೆಗೇ ಹಾಕಬೇಡಿ. ವರ್ಡ್‌ನ ಹುಡುಕುವ ಪೆಟ್ಟಿಗೆಗೆ 255 ಅಕ್ಷರದ ಮಿತಿ ಇದೆ, ಪಿಡಿಎಫ್‌ನಲ್ಲಿ ಸಾಲು ಮುರಿದ ಕಡೆ ಹುಡುಕಾಟ ನಿಂತುಹೋಗಬಹುದು. ಎಲ್ಲ ತುಂಡುಗಳನ್ನೂ ಹುಡುಕಿ, ಮೊದಲನೆಯದು ಸಿಕ್ಕಿತು ಅಂತ ನಿಲ್ಲಿಸಬೇಡಿ. ನಮ್ಮ ಉದಾಹರಣೆಯಲ್ಲೇ "ಮುಂಚಿತವಾಗಿ ಲಿಖಿತ" ಸಿಗುತ್ತದೆ, "ಬಿಟ್ಟುಕೊಟ್ಟ ನಂತರ, ಬಾಕಿ ಬಾಡಿಗೆ" ಸಿಗುತ್ತದೆ, "ಒಂದು ತಿಂಗಳ ಬಾಡಿಗೆಯನ್ನು" ಮಾತ್ರ ಸಿಗುವುದಿಲ್ಲ.

ದಾಖಲೆಯ ಬೆರಳಚ್ಚಿನ ತಪ್ಪುಗಳು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಮೂಲದಲ್ಲಿ "ಸ್ವಾದೀನ" ಅಂತಿದ್ದು ಉಲ್ಲೇಖದಲ್ಲಿ "ಸ್ವಾಧೀನ" ಅಂತ ಬಂದಿದ್ದರೆ ಅಷ್ಟಕ್ಕೇ ಗೊತ್ತಾಯಿತು, ಇದು ಶುದ್ಧ ನಕಲಲ್ಲ. ಒಂದು ಕಡೆ ತಿದ್ದಿದ ಮೇಲೆ ಇನ್ನೆಲ್ಲಿ ಕೈ ಹಾಕಿದೆಯೋ ಅಂತ ಉಳಿದದ್ದನ್ನು ಎಚ್ಚರದಿಂದ ನೋಡಬೇಕು.

ಆದರೆ ಸಿಗಲಿಲ್ಲ ಅಂದ ತಕ್ಷಣ ಮಾಡೆಲ್ ಸುಳ್ಳು ಹೇಳಿತು ಅನ್ನುವ ಹಾಗೂ ಇಲ್ಲ. ಕನ್ನಡ ಯೂನಿಕೋಡ್‌ನಲ್ಲಿ ಕಣ್ಣಿಗೆ ಒಂದೇ ಕಾಣುವ ಅಕ್ಷರ ಒಳಗೆ ಬೇರೆ ಬೇರೆ ಇರಬಹುದು. "ಕೊ" ಬರೆಯಲು ಒಂದೇ ಸ್ವರಚಿಹ್ನೆ ಬಳಸಬಹುದು, ಎ-ಕಾರದ ಚಿಹ್ನೆ ಹಾಕಿ ಅದರ ಪಕ್ಕ ಊ-ಕಾರದ ಚಿಹ್ನೆ ಹಾಕಿಯೂ ಬರೆಯಬಹುದು. "ರಾಜ್‌ಕುಮಾರ್" ಥರದ ಪದದಲ್ಲಿ ಜ್ ಮತ್ತು ಕು ಒತ್ತಕ್ಷರ ಆಗದಂತೆ ತಡೆಯಲು ನಡುವೆ ಕಾಣದ ಒಂದು ಅಕ್ಷರ ಇರುತ್ತದೆ. ಮಾಡೆಲ್ ಅದನ್ನು ಹಾಕಬಹುದು, ಬಿಡಬಹುದು. ಜೊತೆಗೆ ೧೫ ಮತ್ತು 15ರ ಗೊಂದಲ, ಬಾಗಿದ ಮತ್ತು ನೇರ ಉದ್ಧರಣ ಚಿಹ್ನೆ, ಸಾಲು ಮುರಿದ ಜಾಗ. ಇವನ್ನೆಲ್ಲ ಬದಿಗಿಟ್ಟು ಪದಗಳನ್ನಷ್ಟೇ ಹೋಲಿಸಲು ಪುಟ್ಟ ಪೈಥಾನ್ ಪ್ರೋಗ್ರಾಂ ಸಾಕು:

```python
import re, unicodedata, difflib

def clean(name):
    s = open(name, encoding="utf-8").read()
    s = unicodedata.normalize("NFC", s)
    s = re.sub("[\u200b\u200c\u200d\ufeff\u00ad]", "", s)
    s = s.translate(str.maketrans(
        "೦೧೨೩೪೫೬೭೮೯“”‘’", "0123456789\"\"''"))
    return re.sub(r"\s+", " ", s).strip()

doc, quote = clean("karar.txt"), clean("quote.txt")
print(doc.count(quote))
```

`quote.txt`ನಲ್ಲಿ ಮಾಡೆಲ್ ಕೊಟ್ಟ ಪ್ಯಾರಾ ಮಾತ್ರ ಇರಲಿ, ಸುತ್ತಲಿನ ಉದ್ಧರಣ ಚಿಹ್ನೆ ತೆಗೆಯಿರಿ. ಉತ್ತರ 1 ಬಂದರೆ ಅದು ದಾಖಲೆಯಲ್ಲಿ ಇದ್ದ ಹಾಗೇ ಒಂದು ಕಡೆ ಇದೆ. 2 ಬಂದರೆ ಎರಡು ಕಡೆ ಇದೆ, ಯಾವುದರದ್ದು ಅಂತ ನೋಡಿಕೊಳ್ಳಿ. 0 ಬಂದರೆ ಎಲ್ಲೋ ಬದಲಾಗಿದೆ. `quote.txt` ಖಾಲಿ ಇದ್ದರೆ ದೊಡ್ಡ ಸಂಖ್ಯೆ ಬರುತ್ತದೆ, ಗಾಬರಿ ಬೇಡ.

ಹಂತ 5: 0 ಬಂದರೆ ಏನು ಬದಲಾಗಿದೆ ನೋಡಿ

ಮೂಲದ ಆ ಒಂದು ಪ್ಯಾರಾವನ್ನು `para.txt` ಅಂತ ಉಳಿಸಿ, ಮೇಲಿನ ಕೋಡ್‌ನ ಕೆಳಗೆ ಇದನ್ನು ಸೇರಿಸಿ:

```python
for w in difflib.ndiff(clean("para.txt").split(), quote.split()):
    if w[0] in "-+":
        print(w)
```

ಮೈನಸ್ ಇರುವುದು ಮೂಲದಲ್ಲಿದ್ದು ಹೋದ ಪದ, ಪ್ಲಸ್ ಇರುವುದು ಹೊಸದಾಗಿ ಬಂದದ್ದು. ನಮ್ಮ ಕರಾರಿಗೆ ಓಡಿಸಿದರೆ ನೋಟೀಸು, ಬಿಲ್ಲು ಇತ್ಯಾದಿಗಳ ನಡುವೆ "- ಬಾಡಿಗೆಗೆ", "- ಮೀರದಂತೆ", "+ ಬಾಡಿಗೆಯನ್ನು" ಎದ್ದು ಕಾಣುತ್ತವೆ. ಕೋಡ್ ಬೇಡ ಅನ್ನುವವರು ಎರಡನ್ನೂ ಬೇರೆ ಬೇರೆ ಫೈಲ್‌ನಲ್ಲಿಟ್ಟು ವರ್ಡ್ ಅಥವಾ ಗೂಗಲ್ ಡಾಕ್ಸ್‌ನ ಕಂಪೇರ್ ಸೌಲಭ್ಯ ಬಳಸಿ. ಕಾಣದ ಅಕ್ಷರಗಳ ಸುಳ್ಳು ವ್ಯತ್ಯಾಸ ಅಷ್ಟಿಷ್ಟು ಬರಬಹುದು, ಅಷ್ಟೇ.

ಪಟ್ಟಿ ಬಂದ ಮೇಲೆ ಎಲ್ಲಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಂಕಿ ಬದಲಾಗಿದೆಯಾ, "ಇಲ್ಲ" "ಬಾರದು" ಥರದ ನಿಷೇಧ ಹೋಗಿದೆಯಾ ಅಥವಾ ಬಂದಿದೆಯಾ, "ಮೀರದಂತೆ" "ಹೊರತು" "ಮಾತ್ರ" "ಇದ್ದಲ್ಲಿ" ಥರದ ಮಿತಿ ಹಾಕುವ ಪದ ಕಳೆದಿದೆಯಾ, "ಮತ್ತು" ಇದ್ದದ್ದು "ಅಥವಾ" ಆಗಿದೆಯಾ, ಕೊಡಬೇಕಾದವರು ಯಾರು ಅನ್ನೋದು ತಿರುಗಿದೆಯಾ, ಇಷ್ಟು ನೋಡಿ. ಹಣ ಹೋಗುವುದು ಸಾಮಾನ್ಯವಾಗಿ ಈ ಜಾಗಗಳಲ್ಲೇ.

ಮಾಡೆಲ್‌ನನ್ನೇ ಕೇಳಿದರೆ ಸಾಲದಾ?

ಸಾಲದು. "ಇದು ಅಕ್ಷರಶಃ ಸರಿಯಾ?" ಅಂದರೆ ಬರುವ "ಹೌದು" ಕೂಡ ಅದೇ ರೀತಿ ಹುಟ್ಟಿದ ಪಠ್ಯ, ಹಿಂದೆ ಹೋಗಿ ತಾಳೆ ನೋಡಿದ್ದಕ್ಕೆ ಗ್ಯಾರಂಟಿ ಅಲ್ಲ. ಗದರಿಸಿ ಕೇಳಿದರೆ ಸರಿ ಇದ್ದದ್ದನ್ನೂ ಕ್ಷಮೆ ಕೇಳಿ ಬದಲಿಸಿಬಿಡಬಹುದು. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್‌ನಲ್ಲಿ ಮಾಟಾ ವರ್ಸಸ್ ಅವಿಯಾಂಕ ಕೇಸಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ, ಇಲ್ಲವೇ ಇಲ್ಲದ ತೀರ್ಪುಗಳನ್ನು ಉಲ್ಲೇಖ ಸಮೇತ ಕೋರ್ಟಿಗೆ ಹಾಕಿದ್ದರು. ಈ ಕೇಸು ನಿಜವಾ ಅಂತ ಅದನ್ನೇ ಕೇಳಿದ್ದರು ಕೂಡ, ನಿಜ ಅಂತಲೇ ಉತ್ತರ ಬಂದಿತ್ತು. ಕೊನೆಗೆ 5,000 ಡಾಲರ್ ದಂಡ ಬಿತ್ತು. ಅಲ್ಲಿ ಮೂಲವನ್ನು ಪೇಸ್ಟ್ ಮಾಡಿರಲಿಲ್ಲ, ಅದು ಇನ್ನೂ ಅಪಾಯದ ಸ್ಥಿತಿ. ನಿಮ್ಮ ಹತ್ತಿರ ಮೂಲ ಇದೆ, ಅದನ್ನು ಬಿಟ್ಟು ಸಾಕ್ಷಿಗೆ ಮಾಡೆಲ್ ಯಾಕೆ?

ಎಪಿಐ ಮೂಲಕ, ಅಂದರೆ ತಮ್ಮದೇ ಕೋಡ್‌ನಿಂದ ಮಾಡೆಲ್ ಬಳಸುವವರು, ಪದದ ಆಯ್ಕೆಯಲ್ಲಿ ಎಷ್ಟು ಏರುಪೇರು ಇರಲಿ ಅಂತ ಹೇಳುವ ಟೆಂಪರೇಚರ್ ಅನ್ನು 0 ಇಟ್ಟರೆ ನಕಲು ಪಕ್ಕಾ ಅಂದುಕೊಳ್ಳುವುದುಂಟು. ಅದರಿಂದ ಉತ್ತರದ ಏರುಪೇರು ಕಡಿಮೆಯಾಗುತ್ತದೆ, ಆದರೆ ತಪ್ಪು ಪದಕ್ಕೇ ಸಾಧ್ಯತೆ ಹೆಚ್ಚಿದ್ದರೆ ಸಲಸಲಕ್ಕೂ ಅದೇ ತಪ್ಪು ಬರುತ್ತದೆ. ಕೆಲವು ಕಂಪನಿಗಳ ಎಪಿಐಗಳಲ್ಲಿ ಮಾಡೆಲ್ ಜಾಗ ತೋರಿಸಿದರೆ ಸಾಕು, ಅಲ್ಲಿಯ ಪಠ್ಯವನ್ನು ಸಾಫ್ಟ್‌ವೇರ್ ಮೂಲದಿಂದಲೇ ಎತ್ತಿ ಕೊಡುವ ಸೌಲಭ್ಯ ಇದೆ. ಅಂಥದ್ದು ಸಿಕ್ಕರೆ ಪದ ಬದಲಾಗುವ ಭಯ ಇಲ್ಲ, ಜಾಗ ಸರಿಯಾ ಅಂತಷ್ಟೇ ನೋಡಬೇಕು.

ಹಂತ 6: ಸರಿ ಇರುವ ಉಲ್ಲೇಖವೂ ದಾರಿ ತಪ್ಪಿಸಬಹುದು

ಹಂತ 4ರಲ್ಲಿ ಉತ್ತರ 1 ಬಂತು ಅಂತಲೇ ಇಟ್ಟುಕೊಳ್ಳಿ. ಆದರೂ ಮೂಲದಲ್ಲಿ ಆ ಪ್ಯಾರಾದ ಹಿಂದಿನದ್ದು ಮತ್ತು ಮುಂದಿನದ್ದು ಓದಿ. ೯ನೇ ಷರತ್ತಿನಲ್ಲಿ 15 ದಿನದೊಳಗೆ ಹಣ ಹಿಂದಿರುಗಿಸತಕ್ಕದ್ದು ಅಂತಿದ್ದು, ೧೨ರಲ್ಲಿ "ಆದಾಗ್ಯೂ, ಅವಧಿಗೆ ಮುನ್ನ ಖಾಲಿ ಮಾಡಿದಲ್ಲಿ" ಅಂತ ಬೇರೆಯೇ ಕಥೆ ಶುರುವಾಗಿರಬಹುದು. ನೀವು ಕೇಳಿದ ಪ್ರಶ್ನೆಗೆ ಮಾಡೆಲ್ ೯ನ್ನು ಅಕ್ಷರ ಬಿಡದೆ ಕೊಟ್ಟು ೧೨ನ್ನು ಬಿಟ್ಟರೆ ಉಲ್ಲೇಖ ಸರಿ, ಉತ್ತರ ತಪ್ಪು. "ಇದಕ್ಕೆ ವಿನಾಯಿತಿ ಅಥವಾ ವಿರುದ್ಧವಾದ ಷರತ್ತು ಬೇರೆ ಪ್ಯಾರಾದಲ್ಲಿ ಇದ್ದರೆ ಅದನ್ನೂ ಇದೇ ರೀತಿ ನಕಲು ಮಾಡು" ಅಂತ ಇನ್ನೊಂದು ಸಲ ಕೇಳಿ. ಜೊತೆಗೆ ಫೈಲ್‌ನಲ್ಲಿ "ಆದಾಗ್ಯೂ", "ಹೊರತುಪಡಿಸಿ", "ಮುಂಗಡ" ಅಂತ ನೀವೇ ಹುಡುಕಿ. ಒಂದು ನಿಮಿಷದ ಕೆಲಸ.

ಉಲ್ಲೇಖದಲ್ಲಿ ಮೂರು ಚುಕ್ಕಿ ಕಂಡರೆ ಅಲ್ಲಿ ಬಿಟ್ಟದ್ದೇನು ಅಂತ ಮೂಲದಲ್ಲಿ ನೋಡದೆ ಮುಂದೆ ಹೋಗಬೇಡಿ.

ಸಾರಾಂಶವೇ ಬೇಕಿದ್ದಾಗ

ಎಲ್ಲದಕ್ಕೂ ಅಕ್ಷರಶಃ ಉಲ್ಲೇಖ ಬೇಕಿಲ್ಲ. "ಸದರಿ", "ತತ್ಸಂಬಂಧ" ಅಂತ ತುಂಬಿರುವ ಎಂಟು ಪುಟ ಅರ್ಥವಾಗಲು ಸಾರಾಂಶವೇ ಒಳ್ಳೆಯದು. ಆದರೆ ಸಾರಾಂಶವನ್ನು Ctrl+F ಹಾಕಿ ಪರೀಕ್ಷಿಸಲು ಆಗುವುದಿಲ್ಲ, ಪದಗಳು ಬೇರೆಯೇ ಇರುತ್ತವೆ. ಅದಕ್ಕೆ ಬೇರೆ ದಾರಿ: ಸಾರಾಂಶದ ಪ್ರತಿ ವಾಕ್ಯದ ಕೆಳಗೆ ಅದಕ್ಕೆ ಆಧಾರವಾದ ಮೂಲ ವಾಕ್ಯವನ್ನು ಪ್ಯಾರಾ ಸಂಖ್ಯೆ ಸಮೇತ ಬರೆಸಿ. ಮೂಲ ವಾಕ್ಯ ದಾಖಲೆಯಲ್ಲಿದೆಯಾ ಅನ್ನೋದನ್ನು ಹುಡುಕಿ ನೋಡಿ. ಆ ವಾಕ್ಯ ನಿಜಕ್ಕೂ ಮೇಲಿನ ಮಾತನ್ನು ಹೇಳುತ್ತದಾ ಅನ್ನೋದನ್ನು ನೀವೇ ಓದಿ ತೀರ್ಮಾನಿಸಿ, ಆ ಎರಡನೇ ಕೆಲಸವನ್ನು ಯಾವ ಕೋಡೂ ಮಾಡುವುದಿಲ್ಲ. ನಮ್ಮ ಕರಾರಿಗೆ "ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ" ಅಂತ ಸಾರಾಂಶ ಬಂದರೆ, ಕೆಳಗೆ ಸರಿಯಾದ ಮೂಲ ವಾಕ್ಯವೇ ಇದ್ದರೂ, "ಮೀರದಂತೆ" ಓದಿದವರು ಮಾತ್ರ ಅದು ತಪ್ಪು ಅಂತ ಹಿಡಿಯುತ್ತಾರೆ.

ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಷರತ್ತು ಕಳಿಸಬೇಕಾದರೆ ಚಾಟ್‌ನಿಂದ ಕಾಪಿ ಮಾಡಬೇಡಿ, ಪರೀಕ್ಷೆ ಪಾಸಾಗಿದ್ದರೂ ಬೇಡ. ಪ್ಯಾರಾ ಸಂಖ್ಯೆ ಸಿಕ್ಕಿದೆಯಲ್ಲ, ಕರಾರಿನ ಆ ಪುಟದ ಫೋಟೋ ತೆಗೆದು ಷರತ್ತಿಗೆ ಗೆರೆ ಎಳೆದು ಕಳಿಸಿ.